ಅಂಗೈಯಗಲದ ಪುಸ್ತಕ ಉಗುರಗಲವಾದಾಗ: ಆನ್‌ಲೈನ್ ಅಂಗಡಿಯಲ್ಲಿ ನನ್ನ ಮುಖಪುಟದ ಶೀರ್ಷಿಕೆ ಓದಲಾಗುತ್ತಿಲ್ಲ

ಮಳೆಪ್ರಬಂಧ (ಮಡಿಕೇರಿ)

ಎಲ್ಲರಿಗೂ ನಮಸ್ಕಾರ. ಕಳೆದ ಕೆಲವು ವರ್ಷಗಳಲ್ಲಿ ಬರೆದ ಪ್ರಬಂಧಗಳನ್ನು ಒಟ್ಟುಮಾಡಿ ನಾನೇ ಪ್ರಕಟಿಸಲು ಹೊರಟಿದ್ದೇನೆ. ನಮ್ಮ ಕೊಡಗಿನ ಮಳೆಗಾಲದ ತಿಂಗಳಾದ ಕಕ್ಕಡದ ನೆನಪಿನಲ್ಲಿ ಇಟ್ಟ ಶೀರ್ಷಿಕೆ ‘ಕಕ್ಕಡದ ಮಳೆ ಮತ್ತು ಇತರ ಪ್ರಬಂಧಗಳು’. ಮುಖಪುಟವನ್ನು ನಮ್ಮ ಸಂಬಂಧಿಕರ ಹುಡುಗನೊಬ್ಬ ಪ್ರೀತಿಯಿಂದ ಮಾಡಿಕೊಟ್ಟ. ಮಂಜು ಮುಚ್ಚಿದ ಬೆಟ್ಟಸಾಲು, ಅದರ ಮೇಲೆ ಸಣ್ಣ ಗೆರೆಗಳ ಮಳೆ, ಕೆಳಗೆ ಕಾಫಿ ಎಲೆಗಳು, ಮೇಲೆ ಮಂಜಿನ ಭಾಗದಲ್ಲಿ ಎರಡು ಸಾಲಾಗಿ ಕೈಬರಹದಂತಹ ತೆಳುವಾದ ಬಿಳಿ ಅಕ್ಷರಗಳು. ಲ್ಯಾಪ್‌ಟಾಪಿನ ತುಂಬ ತೆರೆದು ನೋಡಿದಾಗ ನಿಜಕ್ಕೂ ಚೆನ್ನಾಗಿತ್ತು. ಇ-ಪುಸ್ತಕಕ್ಕಾಗಿ 1600 ಪಿಕ್ಸೆಲ್ ಅಗಲ, 2560 ಪಿಕ್ಸೆಲ್ ಎತ್ತರದ ಚಿತ್ರವನ್ನು ಏರಿಸಿ, ಮೊಬೈಲಿನಲ್ಲಿ ಹುಡುಕಿ ನೋಡಿದರೆ, ಉಗುರಿನಷ್ಟು ಅಗಲದ ಒಂದು ಬೂದುಬಣ್ಣದ ಚೌಕ ಮಾತ್ರ ಕಾಣಿಸಿತು. ಅದರಲ್ಲಿ ಅಕ್ಷರಗಳಿವೆ ಎಂದು ನನಗೆ ತಿಳಿದಿದ್ದರಿಂದ ಅಕ್ಷರಗಳಿವೆ ಎನಿಸಿತೇ ಹೊರತು, ನನ್ನ ಅತ್ತಿಗೆಗೆ ತೋರಿಸಿದಾಗ ಅವರು ‘ಇದು ಚಿತ್ರ ಇನ್ನೂ ಲೋಡ್ ಆಗಿಲ್ಲ ಅಲ್ಲವೇ’ ಎಂದು ಕೇಳಿದರು. ಅಕ್ಷರವನ್ನು ದೊಡ್ಡದು ಮಾಡಿದರೆ ಸಾಕೇ, ಅಥವಾ ಇಡೀ ಮುಖಪುಟವನ್ನೇ ಬದಲಿಸಬೇಕೇ? ಚಿತ್ರವನ್ನು ಕೆಳಗೆ ಲಗತ್ತಿಸಿದ್ದೇನೆ.

ಹಳೇ ಅಚ್ಚುಮನೆ (ಕುಶಾಲನಗರ)

ಮೇಡಂ, ನಾನು ಬಹಳ ವರ್ಷ ಮುದ್ರಣಾಲಯದಲ್ಲಿ ಇದ್ದವನು, ಆದ್ದರಿಂದ ಹೇಳುತ್ತಿದ್ದೇನೆ. ನಿಮ್ಮ ಹುಡುಗ ಫೈಲನ್ನು 72 ಡಿಪಿಐಯಲ್ಲಿ ಮಾಡಿರಬೇಕು. ಅದನ್ನು 300 ಡಿಪಿಐಗೆ ಬದಲಿಸಿ, ಬಣ್ಣವನ್ನು ಸಿಎಂವೈಕೆ ಮಾಡಿಸಿ, ಡೆಮಿ ಅಷ್ಟದಳ ಆಕಾರದ ಪುಸ್ತಕಕ್ಕೆ ಸುತ್ತಲೂ ಕತ್ತರಿಸಲು ಜಾಗ ಬಿಡಿಸಿ. ಆಗ ಅಕ್ಷರಗಳು ಸ್ಪಷ್ಟವಾಗುತ್ತವೆ. ಬೆನ್ನಿನ ಅಗಲವನ್ನು ಪುಟಸಂಖ್ಯೆ ನೋಡಿಕೊಂಡು ಲೆಕ್ಕ ಹಾಕಬೇಕು. ಎಷ್ಟು ಪುಟವೆಂದು ತಿಳಿಸಿದರೆ ನಾನೇ ಹೇಳುತ್ತೇನೆ.

ಅಕ್ಷರವಿನ್ಯಾಸ (ವಿರಾಜಪೇಟೆ)

ಸರ್, ನೀವು ಹೇಳಿದ್ದು ಮುದ್ರಣಕ್ಕೆ ಸರಿ, ಆದರೆ ಮೇಡಂ ಕೇಳುತ್ತಿರುವುದು ಪರದೆಯ ಮೇಲಿನ ಚಿಕ್ಕ ಚಿತ್ರದ ಬಗ್ಗೆ. 1600 ಪಿಕ್ಸೆಲ್ ಅಗಲದ ಚಿತ್ರದ ಮೇಲೆ 72 ಎಂದು ಬರೆದಿದ್ದರೂ 300 ಎಂದು ಬರೆದಿದ್ದರೂ ಪಿಕ್ಸೆಲ್‌ಗಳು 1600 ಮಾತ್ರ. ಆ ಸಂಖ್ಯೆ ಕಾಗದದ ಮೇಲೆ ಎಷ್ಟು ಇಂಚಿನಲ್ಲಿ ಅಚ್ಚಾಗಬೇಕೆಂದು ಹೇಳುತ್ತದೆಯೇ ಹೊರತು ಅಂಗಡಿಯ ಪುಟಕ್ಕೆ ಅದರ ಗೊಡವೆಯೇ ಇಲ್ಲ. ಸಿಎಂವೈಕೆ ಚಿತ್ರವನ್ನು ಏರಿಸಿದರೆ ಕೆಲವು ಕಡೆ ಬಣ್ಣಗಳು ಕೆಟ್ಟು ಕಾಣುವ ಅಪಾಯವೂ ಇದೆ, ಆದ್ದರಿಂದ ಇ-ಪುಸ್ತಕದ ಮುಖಪುಟ ಆರ್‌ಜಿಬಿಯಲ್ಲೇ ಇರಲಿ.

ಮೇಡಂ, ನಿಮ್ಮ ಚಿತ್ರವನ್ನು ಇಳಿಸಿಕೊಂಡು ಅಳೆದು ನೋಡಿದೆ. ಹುಡುಕಾಟದ ಪಟ್ಟಿಯಲ್ಲಿ ಮುಖಪುಟ ಸುಮಾರು 100 ಪಿಕ್ಸೆಲ್ ಅಗಲಕ್ಕೆ ಇಳಿಯುತ್ತದೆ ಎಂದು ಇಟ್ಟುಕೊಳ್ಳೋಣ. ಅಂದರೆ ಎಲ್ಲವೂ 16ರಲ್ಲಿ ಒಂದು ಪಾಲಾಗುತ್ತದೆ. ನಿಮ್ಮ ಶೀರ್ಷಿಕೆಯ ಎರಡು ಸಾಲುಗಳಲ್ಲಿ, ಪದಗಳ ನಡುವಿನ ತೆರವನ್ನೂ ಸೇರಿಸಿದರೆ, ಸಾಲಿಗೆ ಒಂಬತ್ತು ಹತ್ತು ಅಕ್ಷರಗಳಷ್ಟು ಜಾಗ ಬೇಕು. ಎಡಬಲ ಅಂಚು ಬಿಟ್ಟು ಉಳಿಯುವ 1360 ಪಿಕ್ಸೆಲ್‌ನಲ್ಲಿ ಒಂದೊಂದು ಅಕ್ಷರಕ್ಕೆ 140ರಷ್ಟು ಅಗಲ ಸಿಗುತ್ತದೆ. ಕನ್ನಡದ ಅಕ್ಷರಕ್ಕೆ, ಪಕ್ಕದ ತೆರವನ್ನೂ ಸೇರಿಸಿದರೆ, ಎತ್ತರಕ್ಕಿಂತ ಕಾಲುಭಾಗ ಹೆಚ್ಚು ಅಗಲ ಬೇಕಾಗುವುದರಿಂದ ಅಕ್ಷರದ ಮೈ, ಒತ್ತು ಮತ್ತು ಮೇಲಿನ ಚಿಹ್ನೆಗಳನ್ನು ಬಿಟ್ಟರೆ, 110 ಚಿಲ್ಲರೆ ಪಿಕ್ಸೆಲ್ ಎತ್ತರವಿದೆ. ಚಿಕ್ಕದಾದಾಗ ಅದು 7 ಪಿಕ್ಸೆಲ್.

ಈಗ ‘ಕ’ ಅಕ್ಷರವನ್ನು ಮೇಲಿನಿಂದ ಕೆಳಕ್ಕೆ ಓದಿ ನೋಡಿ. ತಲೆಕಟ್ಟು ಒಂದು ಗೆರೆ, ಅದರ ಕೆಳಗೆ ತೆರವು, ನಡುವಿನ ಅಡ್ಡಗೆರೆ, ಮತ್ತೆ ತೆರವು, ಕೆಳಗಿನ ಬಾಗು. ಮೂರು ಗೆರೆ, ಎರಡು ತೆರವು, ಒಟ್ಟು ಐದು ಪದರಗಳು. ಒಂದೊಂದಕ್ಕೂ ಒಂದೊಂದೇ ಪಿಕ್ಸೆಲ್ ಕೊಟ್ಟರೂ ಐದಾಗುತ್ತದೆ, ಆದರೆ ಪದರಗಳು ಸರಿಯಾಗಿ ಪಿಕ್ಸೆಲ್ ಮೇಲೆಯೇ ಬಂದು ಕೂರುವುದಿಲ್ಲ, ಎರಡರ ನಡುವೆ ಬಿದ್ದು ಎರಡನ್ನೂ ಬೂದು ಮಾಡುತ್ತವೆ. ನನ್ನ ಅನುಭವದಲ್ಲಿ ಮೈ 12 ಪಿಕ್ಸೆಲ್‌ಗಿಂತ ಕಡಿಮೆಯಾದರೆ ಕನ್ನಡದ ಶೀರ್ಷಿಕೆ ಊಹೆಯ ಮೇಲೆ ನಿಲ್ಲುತ್ತದೆ. ‘ಪ’, ‘ಷ’ ಒಂದೇ ಆಗುತ್ತವೆ, ‘ದ’, ‘ಧ’ ಒಂದೇ ಆಗುತ್ತವೆ, ‘ರ’, ‘ಠ’ ಒಂದೇ ಆಗುತ್ತವೆ. ರೋಮನ್ ದೊಡ್ಡಕ್ಷರಗಳಿಗೆ ಹೀಗೆ ಕೆಳಗೆ ಒತ್ತು, ಮೇಲೆ ಗುಡಿಸು ಎಂಬ ಹೆಚ್ಚಿನ ಮಹಡಿಗಳಿಲ್ಲ. ಆ ಭಾಷೆಯ ಮುಖಪುಟಗಳಿಗೆ ಬರೆದ ಸಲಹೆಗಳನ್ನು ನಮ್ಮ ಅಕ್ಷರಕ್ಕೆ ನೇರವಾಗಿ ಹಚ್ಚಿದರೆ ಕೆಡುವುದು ಇಲ್ಲಿಯೇ.

ಇನ್ನೊಂದು ಮಾತು. ನಿಮ್ಮ ಗೆರೆ ಮೂಲದಲ್ಲಿ 8 ಪಿಕ್ಸೆಲ್ ದಪ್ಪವಿದೆ, ಚಿಕ್ಕದಾದಾಗ ಅರ್ಧ ಪಿಕ್ಸೆಲ್. ಅರ್ಧ ಪಿಕ್ಸೆಲ್ ಎಂಬುದನ್ನು ಪರದೆ ತೋರಿಸಲಾರದು, ಅರ್ಧ ಬಿಳಿ ಮತ್ತು ಅರ್ಧ ಮಂಜನ್ನು ಕಲಸಿ ಒಂದು ಪಿಕ್ಸೆಲ್ ಮಾಡುತ್ತದೆ. ಹಿನ್ನೆಲೆಯೇ ಮಂಜಾಗಿದ್ದಾಗ ಉಳಿಯುವುದೇನು? ಮಳೆಯ ಗೆರೆಗಳು ಕಾಣೆಯಾದದ್ದೂ ಇದೇ ಕಾರಣಕ್ಕೆ.

ತೋಟದಾಚೆ (ಪೊನ್ನಂಪೇಟೆ)

ಇಷ್ಟೊಂದು ಲೆಕ್ಕ ಯಾಕೆ ಬೇಕು ಎಂಬುದು ನನ್ನ ಪ್ರಶ್ನೆ. ಚಿತ್ರವನ್ನು ತೆಗೆದುಹಾಕಿ, ಸಿಗುವುದರಲ್ಲಿ ಅತಿ ದಪ್ಪನೆಯ ಅಕ್ಷರವನ್ನು ಹಾಕಿ, ಅದಕ್ಕೆ ಸುತ್ತ ಕಪ್ಪು ಗೆರೆ ಎಳೆದುಬಿಟ್ಟರೆ ಯಾವ ಹಿನ್ನೆಲೆಯ ಮೇಲಾದರೂ ಎದ್ದು ಕಾಣುತ್ತದೆ. ಇನ್ನು ಬಣ್ಣದ ಮಾತು. ಕೊಡಗಿನ ಬಗ್ಗೆ ಬರುವ ಪುಸ್ತಕವೆಂದರೆ ಮಂಜು, ಇಲ್ಲವೇ ಕೆಂಪು ಕಾಫಿ ಹಣ್ಣು, ಇಲ್ಲವೇ ಕುಪ್ಯಚೇಲೆ ತೊಟ್ಟ ಹಿರಿಯರು. ಹುಡುಕಾಟದ ಪಟ್ಟಿಯಲ್ಲಿ ಎಲ್ಲವೂ ಒಂದೇ ಹಸಿರು ರಾಶಿಯಂತೆ ಕಾಣುತ್ತವೆ. ಕಕ್ಕಡ ಎಂದರೆ ನಮಗೆ ಆ ತಿಂಗಳ ಹದಿನೆಂಟನೆಯ ದಿನದ ಮದ್ದುಸೊಪ್ಪಿನ ಪಾಯಸ ನೆನಪಾಗುತ್ತದಲ್ಲವೇ? ಆ ಪಾಯಸದ ಕಡುನೇರಳೆ ಬಣ್ಣವನ್ನು ಯಾರೂ ಮುಖಪುಟಕ್ಕೆ ಬಳಸಿದ್ದನ್ನು ನಾನು ನೋಡಿಲ್ಲ.

ಅಕ್ಷರವಿನ್ಯಾಸ (ವಿರಾಜಪೇಟೆ)

ನೇರಳೆಯ ಸಲಹೆ ಬಹಳ ಚೆನ್ನಾಗಿದೆ, ನನಗೆ ಹೊಳೆದಿರಲಿಲ್ಲ. ಅದು ಕಡುಬಣ್ಣವಾದ್ದರಿಂದ ತಿಳಿ ಅಕ್ಷರಕ್ಕೆ ಒಳ್ಳೆಯ ನೆಲ. ಆದರೆ ಉಳಿದ ಎರಡು ಮಾತುಗಳಲ್ಲಿ ಎಚ್ಚರ ಬೇಕು.

ಅತಿ ದಪ್ಪದ ಅಕ್ಷರ ತೆಳು ಅಕ್ಷರದಷ್ಟೇ ಬೇಗ ಸಾಯುತ್ತದೆ, ಸಾಯುವ ರೀತಿ ಬೇರೆ, ಅಷ್ಟೆ. ಹಿಂದಿನ ಲೆಕ್ಕವನ್ನೇ ಮುಂದುವರಿಸಿ. ಅಕ್ಷರವನ್ನು ದೊಡ್ಡದು ಮಾಡಿ ಮೈಯನ್ನು 270 ಪಿಕ್ಸೆಲ್‌ಗೆ ಏರಿಸಿದಿರಿ ಎನ್ನಿ. ಮೂರು ಗೆರೆಗಳು 85ರಂತೆ 255 ತಿಂದರೆ ಎರಡು ತೆರವುಗಳಿಗೆ ಉಳಿಯುವುದು 15. ಚಿಕ್ಕದಾದಾಗ ಒಂದೊಂದು ತೆರವು ಅರ್ಧ ಪಿಕ್ಸೆಲ್ ಕೂಡ ಇರುವುದಿಲ್ಲ, ‘ಕ’ ಒಂದು ಬಿಳಿ ಗುಂಡಿಯಾಗುತ್ತದೆ. ಗೆರೆ 50ರಿಂದ 60ರ ಒಳಗಿದ್ದರೆ ತೆರವಿಗೂ ಅಷ್ಟೇ ಜಾಗ ಸಿಗುತ್ತದೆ. ಗೆರೆಯೂ ತೆರವೂ ಹೆಚ್ಚುಕಡಿಮೆ ಸಮವಾಗಿರುವುದೇ ಗುರಿ. ಅನೇಕ್ ಕನ್ನಡ ಎಂಬ ಫಾಂಟಿನಲ್ಲಿ ದಪ್ಪ ಮತ್ತು ಅಗಲ ಎರಡನ್ನೂ ಬೇಕಾದಂತೆ ಹೊಂದಿಸಿಕೊಳ್ಳಬಹುದು, ನಾನು ಅದರಲ್ಲಿ ಅತಿ ದಪ್ಪಕ್ಕಿಂತ ಒಂದೆರಡು ಮೆಟ್ಟಿಲು ಕೆಳಗೆ ನಿಲ್ಲುತ್ತೇನೆ. ಬಾಲೂ ತಮ್ಮದ ಗುಂಡು ಅಕ್ಷರಗಳು ಮಕ್ಕಳ ಪುಸ್ತಕಕ್ಕೆ ಹೊಂದುತ್ತವೆ, ಪ್ರಬಂಧಕ್ಕೆ ಹೊಂದುತ್ತವೆಯೇ ಎಂಬುದನ್ನು ನೀವೇ ನೋಡಿಕೊಳ್ಳಬೇಕು.

ಸುತ್ತ ಗೆರೆ ಎಳೆಯುವುದು ಇನ್ನೂ ಕೆಟ್ಟದ್ದು. ಆ ಗೆರೆ ಅಕ್ಷರದ ಹೊರಗೆ ಮಾತ್ರವಲ್ಲ, ಒಳಗಿನ ತೆರವಿಗೂ ಎರಡು ಕಡೆಯಿಂದ ಇಳಿಯುತ್ತದೆ, ಒತ್ತಿಗೂ ಮೈಗೂ ನಡುವೆ ಇರುವ ಸಣ್ಣ ಸಂದನ್ನು ಮೊದಲು ಮುಚ್ಚುತ್ತದೆ. ನೆಲವೇ ಸಮವಾಗಿದ್ದರೆ ಗೆರೆಯ ಅಗತ್ಯ ಬೀಳುವುದಿಲ್ಲ.

ಅರೆಭಾಷೆ ಕಥೆ (ಭಾಗಮಂಡಲ ಕಡೆಯವಳು)

ನನ್ನ ಕಷ್ಟ ಸ್ವಲ್ಪ ಬೇರೆಯದು, ಆದರೂ ಇಲ್ಲಿಯೇ ಹೇಳಿಬಿಡುತ್ತೇನೆ. ನಮ್ಮ ಅರೆಭಾಷೆ ಕಥೆಗಳನ್ನು ಮೂರು ಸಂಪುಟ ಮಾಡಿದೆವು. ಒಂದೇ ಚಿತ್ರ, ಒಂದೇ ಹಸಿರಿನ ಮೂರು ಛಾಯೆ, ಮೂಲೆಯಲ್ಲಿ ಕನ್ನಡ ಅಂಕಿ. ಚಿಕ್ಕ ಚಿತ್ರದಲ್ಲಿ ೧ ಎಂಬುದು ಸೊನ್ನೆಯಂತೆ ಕಾಣಿಸಿತು, ಮೂರು ಛಾಯೆಗಳ ವ್ಯತ್ಯಾಸ ಯಾರಿಗೂ ತಿಳಿಯಲಿಲ್ಲ. ಎರಡನೆಯ ಸಂಪುಟ ಬೇಕಾಗಿದ್ದವರು ಮೊದಲನೆಯದನ್ನೇ ಮತ್ತೊಮ್ಮೆ ಕೊಂಡು ನನಗೆ ಫೋನ್ ಮಾಡಿದರು. ಆಮೇಲೆ ನಾವು ಒಂದಕ್ಕೆ ಹಳದಿ, ಒಂದಕ್ಕೆ ಕೆಂಪು, ಒಂದಕ್ಕೆ ನೀಲಿ ನೆಲ ಕೊಟ್ಟು, ಅಂಕಿಯನ್ನು ಶೀರ್ಷಿಕೆಯಷ್ಟೇ ಎತ್ತರ ಮಾಡಿದೆವು. ಸೊಗಸಾಗಿದೆಯೇ ಎಂದರೆ ಇಲ್ಲ, ತಪ್ಪು ಸಂಪುಟ ಹೋಗುವುದಂತೂ ನಿಂತಿತು.

ಗೋಣಿಕೊಪ್ಪಲು ಓದುಗ

ನಾನು ಒಂದು ಭಿನ್ನಾಭಿಪ್ರಾಯ ಹೇಳಬಹುದೇ? ಮುಖಪುಟದ ಪಕ್ಕದಲ್ಲೇ ಅಂಗಡಿಯವರು ಶೀರ್ಷಿಕೆಯನ್ನೂ ಲೇಖಕರ ಹೆಸರನ್ನೂ ಬರೆದಿರುತ್ತಾರೆ. ಚಿತ್ರದೊಳಗಿನ ಅಕ್ಷರವನ್ನು ಓದಲೇಬೇಕೆಂಬ ಹಟ ಯಾಕೆ? ಜೊತೆಗೆ ಈಗಿನ ಮೊಬೈಲ್ ಪರದೆಗಳಲ್ಲಿ ಪಿಕ್ಸೆಲ್‌ಗಳು ಎಷ್ಟು ಒತ್ತಾಗಿರುತ್ತವೆಂದರೆ, 100 ಎಂದು ನೀವು ಲೆಕ್ಕ ಹಾಕಿದ ಅಗಲದಲ್ಲಿ ನಿಜವಾಗಿ 200 ಅಥವಾ 300 ಪಿಕ್ಸೆಲ್ ಇರಬಹುದು. 12 ಪಿಕ್ಸೆಲ್ ನಿಯಮ ಹಳೆಯ ಗಣಕಯಂತ್ರದ ಕಾಲದ್ದು ಎಂದು ನನ್ನ ಅನಿಸಿಕೆ. ಮಂಜಿನ ಚಿತ್ರ ನನಗೆ ಇಷ್ಟವಾಯಿತು, ಅದನ್ನು ಕಳೆದುಕೊಳ್ಳಬೇಡಿ.

ಮಳೆಪ್ರಬಂಧ (ಮಡಿಕೇರಿ)

ಪಕ್ಕದಲ್ಲಿ ಬರೆದಿರುತ್ತಾರೆ ಎಂಬ ಮಾತಿಗೆ ನಾನೇ ಉತ್ತರಿಸುತ್ತೇನೆ, ಯಾಕೆಂದರೆ ಅದನ್ನು ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಏರಿಸುವಾಗ ಶೀರ್ಷಿಕೆಯನ್ನು ರೋಮನ್ ಅಕ್ಷರದಲ್ಲಿ ಕೊಟ್ಟಿದ್ದೆವು. ಪಟ್ಟಿಯಲ್ಲಿ ಅದು ‘Kakkadada Male’ ಎಂದು ನಿಂತಿದೆ. ಇಂಗ್ಲಿಷ್ ಓದುವವರಿಗೆ ಕಕ್ಕಡದ ಗಂಡಸು ಯಾರೆಂಬ ಕುತೂಹಲ ಹುಟ್ಟಬಹುದು. ‘ಮಳೆ’ ಎಂದು ಕನ್ನಡದಲ್ಲಿ ಹೇಳುವ ಒಂದೇ ಜಾಗ ಈಗ ಮುಖಪುಟದ ಚಿತ್ರ.

ಅಕ್ಷರವಿನ್ಯಾಸ (ವಿರಾಜಪೇಟೆ)

ಗೋಣಿಕೊಪ್ಪಲಿನವರ ಆಕ್ಷೇಪದಲ್ಲಿ ಅರ್ಧ ನಿಜವಿದೆ. ಒತ್ತಾದ ಪರದೆಗೆ ಅಂಗಡಿ ದೊಡ್ಡ ಚಿತ್ರವನ್ನು ಕಳುಹಿಸಿದರೆ ಅಂಚುಗಳು ಖಂಡಿತ ಚೊಕ್ಕವಾಗುತ್ತವೆ. ಆದರೆ ಆಗಲೂ ಮುಖಪುಟ ನಮ್ಮ ಕಣ್ಣಿಗೆ ಒಂದೂವರೆ ಎರಡು ಸೆಂಟಿಮೀಟರಿನಷ್ಟೇ ಅಗಲ. ಎರಡು ಸೆಂಟಿಮೀಟರಿನಲ್ಲಿ ಹತ್ತು ಅಕ್ಷರವನ್ನು ತುಂಬಿದರೆ ಅಕ್ಷರದ ಮೈ ಒಂದೂವರೆ ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಅಷ್ಟನ್ನು ಓದಲು ಬೇಕಾದ ಕಣ್ಣು ಮತ್ತು ತಾಳ್ಮೆ ಪಟ್ಟಿಯನ್ನು ಬೆರಳಿನಿಂದ ಸರಸರನೆ ತಳ್ಳುತ್ತಿರುವವನಿಗೆ ಇರುವುದಿಲ್ಲ. 100 ಪಿಕ್ಸೆಲ್ ಎಂಬುದನ್ನು ನಾನು ಅತಿ ಕಷ್ಟದ ಪರೀಕ್ಷೆಯಾಗಿ ಇಟ್ಟುಕೊಂಡಿದ್ದೇನೆ. ಅದರಲ್ಲಿ ಉಳಿದದ್ದು ಎಲ್ಲ ಪರದೆಯಲ್ಲೂ ಉಳಿಯುತ್ತದೆ.

ಪರೀಕ್ಷಿಸುವಾಗ ಜನ ಮಾಡುವ ತಪ್ಪೆಂದರೆ, ದೊಡ್ಡ ಚಿತ್ರವನ್ನು ತೆರೆದು ಪರದೆಯಲ್ಲಿ ಕಿರಿದು ಮಾಡಿ ನೋಡಿ ಸಮಾಧಾನಪಡುವುದು. ನಿಜವಾಗಿಯೂ ಚಿಕ್ಕ ಫೈಲನ್ನು ಮಾಡಬೇಕು. ಇಮೇಜ್‌ಮ್ಯಾಜಿಕ್ ಎಂಬ ತಂತ್ರಾಂಶ ಇದ್ದರೆ ಎರಡು ಸಾಲಿನ ಆಜ್ಞೆ ಸಾಕು:

```
magick cover.jpg -resize 100x small.jpg
magick small.jpg -colorspace Gray small-gray.jpg
```

ಎರಡನೆಯ ಸಾಲು ಬಣ್ಣವನ್ನು ತೆಗೆದು ಬೆಳಕು ಕತ್ತಲೆಯನ್ನು ಮಾತ್ರ ಉಳಿಸುತ್ತದೆ. ಕಾಫಿ ಎಲೆಯ ಕಡುಹಸಿರಿನ ಮೇಲೆ ಹಣ್ಣಿನ ಕೆಂಪಿನಲ್ಲಿ ಬರೆದ ಶೀರ್ಷಿಕೆ ಬಣ್ಣದಲ್ಲಿ ಥಳಥಳಿಸುತ್ತದೆ, ಬೂದು ಚಿತ್ರದಲ್ಲಿ ಪೂರ್ತಿ ಮಾಯವಾಗುತ್ತದೆ, ಯಾಕೆಂದರೆ ಎರಡರ ಬೆಳಕಿನ ಮಟ್ಟ ಹೆಚ್ಚುಕಡಿಮೆ ಒಂದೇ. ಜೆಪೆಗ್ ಸಾಮಾನ್ಯವಾಗಿ ಬಣ್ಣದ ವಿವರವನ್ನು ಬೆಳಕಿನ ವಿವರಕ್ಕಿಂತ ಒರಟಾಗಿ ಇಟ್ಟುಕೊಳ್ಳುವುದರಿಂದ, ಬಣ್ಣದ ಭೇದವನ್ನೇ ನಂಬಿದ ಅಕ್ಷರದ ಅಂಚು ಚಿಕ್ಕ ಚಿತ್ರದಲ್ಲಿ ಇನ್ನಷ್ಟು ಕಲಸಿಹೋಗುತ್ತದೆ. ಹಾಗೆ ಮಾಡಿದ ಚಿಕ್ಕ ಚಿತ್ರವನ್ನು ನಿಜವಾದ ಹುಡುಕಾಟದ ಪಟ್ಟಿಯ ಸ್ಕ್ರೀನ್‌ಶಾಟ್ ಮೇಲೆ, ಬೇರೆ ಪುಸ್ತಕಗಳ ನಡುವೆ ಅಂಟಿಸಿ, ಶೀರ್ಷಿಕೆ ತಿಳಿಯದ ಒಬ್ಬರಿಗೆ ಎರಡು ಸೆಕೆಂಡು ತೋರಿಸಿ ಮೊಬೈಲನ್ನು ಹಿಂದಕ್ಕೆ ತೆಗೆದುಕೊಳ್ಳಿ. ಶೀರ್ಷಿಕೆ ಬಲ್ಲವರ ಕಣ್ಣು ಇಲ್ಲದ ಅಕ್ಷರವನ್ನೂ ಓದಿಬಿಡುತ್ತದೆ. ನಿಮ್ಮ ಅತ್ತಿಗೆಗೆ ಈಗ ಗೊತ್ತಾಗಿಬಿಟ್ಟಿರುವುದರಿಂದ ಅವರಿಂದ ಇನ್ನು ಮೇಲೆ ಈ ಪರೀಕ್ಷೆಗೆ ಪ್ರಯೋಜನವಿಲ್ಲ.

ಹಳೇ ಅಚ್ಚುಮನೆ (ಕುಶಾಲನಗರ)

ಈಗ ಪ್ರಶ್ನೆ ಅರ್ಥವಾಯಿತು. ತಪ್ಪು ತಿಳಿದುದಕ್ಕೆ ಕ್ಷಮೆಯಿರಲಿ. ಅಚ್ಚುಮೊಳೆ ಜೋಡಿಸುವ ಕಾಲದ ಒಂದು ಮಾತು ಇಲ್ಲಿ ಉಪಯೋಗಕ್ಕೆ ಬರಬಹುದು. ಶೀರ್ಷಿಕೆಗೆ ದೊಡ್ಡ ಮೊಳೆ ಬಳಸುವಾಗ ಎರಡು ಸಾಲುಗಳ ನಡುವೆ ಎಷ್ಟು ಜಾಗ ಬಿಡಬೇಕೆಂಬುದನ್ನು ನಾವು ಮೊದಲು ಒತ್ತು ಎಲ್ಲಿದೆ ಎಂದು ನೋಡಿ ತೀರ್ಮಾನಿಸುತ್ತಿದ್ದೆವು. ಮೇಲಿನ ಸಾಲಿನ ಒತ್ತಿನ ಕೆಳಗೆ ಕೆಳಸಾಲಿನ ಗುಡಿಸೋ ಏತ್ವವೋ ಬಂದರೆ ಎರಡೂ ಗುದ್ದಾಡುತ್ತವೆ. ಆಗ ಕೆಳಗಿನ ಸಾಲನ್ನು ಎಡಕ್ಕೋ ಬಲಕ್ಕೋ ಸರಿಸುತ್ತಿದ್ದೆವು. ‘ಕಕ್ಕಡದ’ ಎಂಬಲ್ಲಿ ಒತ್ತು ಎರಡನೆಯ ಅಕ್ಷರಕ್ಕೆ ಮಾತ್ರ ಇದೆ. ‘ಮಳೆ’ಯನ್ನು ಬಲಕ್ಕೆ ತಳ್ಳಿ ‘ಡದ’ದ ಕೆಳಗೆ ಕೂರಿಸಿದರೆ ಎರಡು ಸಾಲುಗಳನ್ನು ಹತ್ತಿರ ತರಬಹುದು.

ಅಕ್ಷರವಿನ್ಯಾಸ (ವಿರಾಜಪೇಟೆ)

ಸರ್, ಈ ಶೀರ್ಷಿಕೆಗೆ ಇದಕ್ಕಿಂತ ಒಳ್ಳೆಯ ಸಲಹೆ ನನ್ನ ಬಳಿ ಇಲ್ಲ. ಅದನ್ನೇ ಹಿಡಿದು ಲೆಕ್ಕ ಹಾಕಿದೆ. ‘ಮತ್ತು ಇತರ ಪ್ರಬಂಧಗಳು’ ಎಂಬುದನ್ನು ಚಿಕ್ಕ ಚಿತ್ರದಲ್ಲಿ ಓದಿಸುವ ಆಸೆಯನ್ನು ಬಿಟ್ಟುಬಿಡೋಣ, ಅದು ಕೆಳಗೆ ಒಂದು ತೆಳು ಪಟ್ಟಿಯಾಗಿ, ಪುಸ್ತಕವನ್ನು ತೆರೆದವರಿಗಾಗಿ ಇರಲಿ. ಉಳಿದ ‘ಕಕ್ಕಡದ ಮಳೆ’ಯನ್ನು ಒಂದೇ ಸಾಲಿನಲ್ಲಿ ಇಟ್ಟರೆ ಮೈ ಚಿಕ್ಕದಾದಾಗ 10 ಪಿಕ್ಸೆಲ್, ನಮ್ಮ ಗಡಿಗಿಂತ ಕೆಳಗೆ. ಎರಡು ಸಾಲು ಮಾಡಿದರೆ ಮೇಲಿನ ಸಾಲಿಗೆ ನಾಲ್ಕೇ ಅಕ್ಷರ, ಒಂದೊಂದಕ್ಕೆ 340 ಪಿಕ್ಸೆಲ್ ಅಗಲ, ಮೈ 270ರ ಹತ್ತಿರ, ಚಿಕ್ಕದಾದಾಗ 17. ‘ಮಳೆ’ಯನ್ನು ಅದೇ ಗಾತ್ರದಲ್ಲಿ ಬಲಕ್ಕೆ ಕೂರಿಸಿದರೆ ಎಡಗಡೆ, ‘ಕ್ಕ’ದ ಒತ್ತು ಇಳಿಯುವ ಕಡೆ, ಅಗಲವಾದ ಖಾಲಿ ಜಾಗ ಉಳಿಯುತ್ತದೆ. ಒತ್ತು ಸ್ವಲ್ಪ ಬಲಕ್ಕೆ ವಾಲುವುದರಿಂದ ‘ಮ’ದ ತಲೆಕಟ್ಟಿಗೆ ತಾಗುತ್ತದೆಯೇ ಎಂದು ಮಾತ್ರ ನೋಡಿಕೊಳ್ಳಿ. ತಾಗಿದರೆ ಸಾಲಿನ ಅಂತರವನ್ನು 30 ಪಿಕ್ಸೆಲ್ ಹೆಚ್ಚಿಸಿ, ಅಂದರೆ ಚಿಕ್ಕ ಚಿತ್ರದಲ್ಲಿ ಎರಡು ಪಿಕ್ಸೆಲ್‌ನ ಸಂದು.

ಚಿತ್ರಕ್ಕೆ ಕೆಳಗಿನ ಅರ್ಧ ಪುಟ ಸಿಗುತ್ತದೆ. ಅಲ್ಲಿ ಒಂದೇ ಒಂದು ಮದ್ದುಸೊಪ್ಪಿನ ಎಲೆಯನ್ನು ಪುಟದ ಅಗಲದ ಅರ್ಧದಷ್ಟು ದೊಡ್ಡದಾಗಿ, ತಿಳಿಹಸಿರಿನಲ್ಲಿ, ಒಳಗೆ ನರಗಳ ಸೂಕ್ಷ್ಮವಿಲ್ಲದೆ ಇಡಿ. ಹತ್ತು ಎಲೆಗಳು ಚಿಕ್ಕದಾದರೆ ಕೊಳೆಯಂತೆ ಕಾಣುತ್ತವೆ, ಒಂದು ಎಲೆ ಎಲೆಯಂತೆಯೇ ಕಾಣುತ್ತದೆ.

ತೋಟದಾಚೆ (ಪೊನ್ನಂಪೇಟೆ)

ಹಾಗಾದರೆ ಬಿಳಿ ನೆಲದ ಮೇಲೆ ನೇರಳೆ ಅಕ್ಷರ ಹಾಕಿದರೆ ಹೇಗೆ? ಇನ್ನೂ ಸ್ಪಷ್ಟವಾಗುತ್ತದಲ್ಲವೇ? ಅಮೆಜಾನಿನ ಸ್ವಯಂಪ್ರಕಾಶನ ಸೇವೆಯಾದ ಕೆಡಿಪಿಯ ಸೂಚನೆಯಲ್ಲಿ ಬಿಳಿ ಮುಖಪುಟಕ್ಕೆ 3-4 ಪಿಕ್ಸೆಲ್‌ನ ಬೂದು ಅಂಚು ಕೊಟ್ಟರೆ ಸಾಕೆಂದು ಓದಿದ್ದೇನೆ.

ಅಕ್ಷರವಿನ್ಯಾಸ (ವಿರಾಜಪೇಟೆ)

ಅಕ್ಷರ ಸ್ಪಷ್ಟವಾಗುತ್ತದೆ, ಪುಸ್ತಕ ಕಾಣೆಯಾಗುತ್ತದೆ. ಅಂಗಡಿಯ ಪುಟವೂ ಬಿಳಿಯಾದ್ದರಿಂದ ಮುಖಪುಟದ ಅಂಚೇ ತಿಳಿಯುವುದಿಲ್ಲ. ನಾಲ್ಕು ಪಿಕ್ಸೆಲ್ ಅಂಚು ಪುಸ್ತಕದ ಪುಟವನ್ನು ತೆರೆದಾಗ ಕಾಣುವ ದೊಡ್ಡ ಚಿತ್ರಕ್ಕೆ ಕೆಲಸಕ್ಕೆ ಬರುತ್ತದೆ, ಆದರೆ 16ನೆಯ ಒಂದು ಪಾಲಾದಾಗ ಅದು ಕಾಲು ಪಿಕ್ಸೆಲ್. ಪಟ್ಟಿಯಲ್ಲೂ ಅಂಚು ಕಾಣಬೇಕಾದರೆ ಮೂಲದಲ್ಲಿ 20 ಪಿಕ್ಸೆಲ್‌ಗಾದರೂ ಇರಬೇಕು. ಕಡುನೇರಳೆ ನೆಲಕ್ಕೆ ಈ ರಗಳೆಯೇ ಇಲ್ಲ. ಹಾಗೆಂದು ತೀರಾ ಕಪ್ಪಿಗೆ ಹೋಗಬೇಡಿ, ರಾತ್ರಿ ಕಪ್ಪು ಹಿನ್ನೆಲೆಯಲ್ಲಿ ಮೊಬೈಲ್ ಬಳಸುವವರಿಗೆ ಅದೇ ತೊಂದರೆ ತಿರುಗಿ ಬರುತ್ತದೆ.

ಮಳೆಪ್ರಬಂಧ (ಮಡಿಕೇರಿ)

ಎರಡು ದಿನ ತಡವಾಯಿತು. ಗಾಳಿಗೆ ಮರ ಬಿದ್ದು ಕರೆಂಟ್ ಇರಲಿಲ್ಲ. ಹುಡುಗ ಸ್ವಲ್ಪ ಬೇಸರಪಟ್ಟುಕೊಂಡರೂ ಹೊಸದನ್ನು ಮಾಡಿದ. ನೇರಳೆ ನೆಲ, ಕೆನೆಬಣ್ಣದ ಅಕ್ಷರ, ಒಂದು ಎಲೆ. 100 ಪಿಕ್ಸೆಲ್‌ಗೆ ಇಳಿಸಿ ಪಟ್ಟಿಯ ಮೇಲೆ ಅಂಟಿಸಿ ಪಕ್ಕದ ಮನೆಯ ಅಜ್ಜಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ‘ಕಕ್ಕಡದ ಮನೆ’ ಎಂದು ಓದಿದರು. ಮೊದಲು ನಿರಾಸೆಯಾಯಿತು, ಆಮೇಲೆ ನೋಡಿದರೆ ನಿಜವಾಗಿಯೂ ‘ಳೆ’ಯ ಒಳಸುರುಳಿ ಮುಚ್ಚಿಹೋಗಿತ್ತು. ದಪ್ಪವನ್ನು ಒಂದು ಮೆಟ್ಟಿಲು ಇಳಿಸಿ, ‘ಮಳೆ’ಯನ್ನು ಮಾತ್ರ ಸ್ವಲ್ಪ ದೊಡ್ಡದು ಮಾಡಿಸಿದೆ. ಎರಡನೆಯ ಸಲ ಪತ್ರಿಕೆ ಹಾಕುವ ಹುಡುಗನಿಗೆ ತೋರಿಸಿದಾಗ ಅವನು ಸರಿಯಾಗಿ ಓದಿದ, ಎಲೆಯನ್ನು ಮಾತ್ರ ವೀಳ್ಯದೆಲೆ ಎಂದ.

ನನ್ನ ಹೆಸರನ್ನು ಏನು ಮಾಡುವುದು ಎಂಬುದು ಉಳಿದಿದೆ. ಅದು ಚಿಕ್ಕ ಚಿತ್ರದಲ್ಲಿ ಕಾಣುವುದಿಲ್ಲ.

ಅಕ್ಷರವಿನ್ಯಾಸ (ವಿರಾಜಪೇಟೆ)

‘ಳ’ದ ಸುರುಳಿ ನನ್ನ ಗಮನಕ್ಕೆ ಬಾರದೆ ಹೋದದ್ದು ನಿಜ, ನಾನು ‘ಕ’ವನ್ನು ಮಾತ್ರ ಲೆಕ್ಕ ಹಾಕುತ್ತಿದ್ದೆ. ಶೀರ್ಷಿಕೆಯಲ್ಲಿ ಒಳತೆರವು ಅತಿ ಕಿರಿದಾದ ಅಕ್ಷರ ಯಾವುದೋ ಅದರಿಂದ ದಪ್ಪವನ್ನು ನಿರ್ಧರಿಸಬೇಕಿತ್ತು. ಹೆಸರಿನ ವಿಷಯದಲ್ಲಿ, ಓದುಗರು ನಿಮ್ಮ ಹೆಸರನ್ನು ಹುಡುಕಿಕೊಂಡು ಬರುವವರಾದರೆ ಅದಕ್ಕೂ ಜಾಗ ಬೇಕು. ಮೊದಲ ಪುಸ್ತಕಕ್ಕೆ ನಾನಾದರೆ ಚಿಕ್ಕ ಚಿತ್ರದಲ್ಲಿ ಬಿಟ್ಟುಬಿಡುತ್ತಿದ್ದೆ.

ಅರೆಭಾಷೆ ಕಥೆ (ಭಾಗಮಂಡಲ ಕಡೆಯವಳು)

ನಾನು ಒಪ್ಪುವುದಿಲ್ಲ ಸರ್. ನಮ್ಮಲ್ಲಿ ಪುಸ್ತಕ ಕೊಳ್ಳುವವರಲ್ಲಿ ಬಹುಪಾಲು ಜನ ‘ಇದು ಯಾರ ಮನೆಯವರು ಬರೆದದ್ದು’ ಎಂದು ನೋಡಿಯೇ ಕೊಳ್ಳುತ್ತಾರೆ. ಮನೆಹೆಸರಾದರೂ ಕಾಣಬೇಕು.

ಗೋಣಿಕೊಪ್ಪಲು ಓದುಗ

ನೇರಳೆ ಮುಖಪುಟ ಪಟ್ಟಿಯಲ್ಲಿ ಎದ್ದು ಕಾಣುತ್ತದೆ, ಒಪ್ಪಿದೆ. ಆದರೆ ಅಂಗಡಿಯ ಮೇಜಿನ ಮೇಲೆ ಕೈಗೆತ್ತಿಕೊಳ್ಳುವ ಪ್ರತಿಗೆ ಆ ಮಂಜನ್ನೇ ಇಟ್ಟುಕೊಂಡರೆ ಆಗದೇ? ಎರಡಕ್ಕೂ ಒಂದೇ ಮುಖಪುಟ ಇರಬೇಕೆಂಬ ನಿಯಮವಿದೆಯೇ?

ಹಳೇ ಅಚ್ಚುಮನೆ (ಕುಶಾಲನಗರ)

ನಿಯಮವೇನೂ ಇಲ್ಲ, ಆದರೆ ಪರದೆಯಲ್ಲಿ ನೇರಳೆ ನೋಡಿ ಬಂದವರು ಅಂಗಡಿಯಲ್ಲಿ ನೇರಳೆಯನ್ನೇ ಹುಡುಕುತ್ತಾರೆ. ಇನ್ನೊಂದು, ಪರದೆಯ ಈ ನೇರಳೆ ಕಾಗದದ ಮೇಲೆ ಹಾಗೆಯೇ ಬರುವುದಿಲ್ಲ, ನೀಲಿಯ ಕಡೆಗೋ ಮಂಕಾಗಿಯೋ ತಿರುಗುತ್ತದೆ. ಅಚ್ಚಿಗೆ ಕೊಡುವ ಮೊದಲು ಒಂದು ಪುಟವನ್ನು ಅದೇ ಕಾಗದದಲ್ಲಿ ತೆಗೆಸಿ ನೋಡಿ. ಮೇಡಂ, ಪುಟಸಂಖ್ಯೆ ಎಷ್ಟೆಂದು ನೀವು ಇನ್ನೂ ಹೇಳಲಿಲ್ಲ.